ಬ್ಯಾಟರಿ ದೂರಿಗೆ ಬರೆದ ಉತ್ತರ

ವೆಸ್ಟ್ ಮಾಂಬಲಂನ ರೈಲು ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮನೆಯನ್ನೇ ತಿರುಮಲ ಆಫೀಸು ಮಾಡಿಕೊಂಡಿದ್ದ. ಬಾಡಿಗೆ ವ್ಯಾನುಗಳು ಎಲ್ಲಿವೆಯೆಂದು ಚಾಲಕರ ಫೋನಿನಿಂದ ತಿಳಿದು ಯಜಮಾನರಿಗೆ ಮೊಬೈಲಿನಲ್ಲಿ ತೋರಿಸುವ ಆ್ಯಪ್ ಅವನದು. ಕೋಡ್ ಬರೆಯುವವನು ಸುಘೋಷ. ಜನರ ದೂರುಗಳಿಗೆ ಉತ್ತರ ಬರೆಯುವವಳು ತಿರುಮಲನ ಅಣ್ಣನ ಮಗಳು ಪ್ರಣಮ್ಯಾ. ಉತ್ತರದ ಕೊನೆಯಲ್ಲಿ ಮನುಷ್ಯರ ಹೆಸರಿರಬೇಕು, ಆಗ ಓದುವವರಿಗೆ ನಂಬಿಕೆ ಬರುತ್ತದೆ ಎಂಬುದು ತಿರುಮಲನ ಪದ್ಧತಿ. ಹಾಗಾಗಿ ಎಲ್ಲ ಉತ್ತರಗಳ ಕೆಳಗೂ ಅವಳ ಹೆಸರೇ.

ಆ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದವನು ಬಾಗಿಲಲ್ಲೇ ನಿಂತ. ಖಾಕಿ ಅಂಗಿ, ನರೆತ ಗಡ್ಡ, ಕೊರಳಲ್ಲಿ ಲಿಂಗದ ದಾರ. ಚಪ್ಪಲಿ ಬಿಡಲಿಲ್ಲ.

"ಪ್ರಣಮ್ಯಾ ಅನ್ನಾವ್ರು ಯಾರ್ರಿ?"

"ನಾನೇ. ನೀವು?"

"ಮುರಿಗೆಪ್ಪ. ವಡಪಳನಿಯಾಗ ಸಿನಿಮಾ ಯೂನಿಟ್ಟಿನ ವ್ಯಾನ್ ಹೊಡಿತೀನಿ. ನಿಮಗ ಒಂದು ಸ್ಟಾರ್ ಕೊಟ್ಟಾಂವ."

ಅವಳಿಗೆ ನೆನಪಾಯಿತು. ಆ್ಯಪ್ ಸ್ಟೋರಿನಲ್ಲಿ, ತಮಿಳು ಇಂಗ್ಲಿಷುಗಳ ನಡುವೆ, ಕನ್ನಡದಲ್ಲಿ ಬಂದ ದೂರು ಅದೊಂದೇ: "ಈ ಆ್ಯಪ್ ಹಾಕಿಕೊಂಡ ಮ್ಯಾಲೆ ಸಂಜಿಗೆ ಪೂರಾ ಚಾರ್ಜ್ ಮಾಡಿದ ಫೋನು ಬೆಳಗಾಗೂದ್ರಾಗ ಸತ್ತಿರ್ತದ. ಯಾರೂ ಹಾಕ್ಕೋಬ್ಯಾಡ್ರಿ." ಆಫೀಸಿನಲ್ಲಿ ಇಂಗ್ಲಿಷಿನಲ್ಲೊಂದು ಸಿದ್ಧ ಉತ್ತರವಿತ್ತು. ಅದನ್ನೇ ಅವಳು ಕನ್ನಡಕ್ಕೆ ತಿರುಗಿಸಿ ಹಾಕಿದ್ದಳು. ಸುಘೋಷನನ್ನು ಕೇಳಿರಲಿಲ್ಲ. ಬ್ಯಾಟರಿಯ ದೂರು ಯಾವ ಆ್ಯಪಿಗೆ ತಾನೇ ಬರುವುದಿಲ್ಲ ಎಂದುಕೊಂಡಿದ್ದಳು.

ಮುರಿಗೆಪ್ಪ ಫೋನು ತೆಗೆದು ಆ ಉತ್ತರವನ್ನೇ ಓದಿದ, ಮಠದಲ್ಲಿ ವಚನ ಓದುವವನಂತೆ ನಿಧಾನವಾಗಿ.

"'ನಮಸ್ಕಾರ. ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ನಮ್ಮ ಆ್ಯಪ್ ಅತಿ ಕಡಿಮೆ ಬ್ಯಾಟರಿ ಬಳಸುತ್ತದೆ. ಹಳೆಯ ಫೋನುಗಳಲ್ಲಿ ಇಂಥ ತೊಂದರೆ ಸಹಜ. ದಯವಿಟ್ಟು ತಮ್ಮ ಫೋನನ್ನು ಪರೀಕ್ಷಿಸಿಕೊಳ್ಳಿ. ತಮ್ಮ ವಿಶ್ವಾಸಿ, ಪ್ರಣಮ್ಯಾ.' ಎಷ್ಟು ಮರ್ಯಾದಿ ನೋಡ್ರಿ! ಹೆಣಕ್ಕ ಶಾಲು ಹೊದಿಸಿದಂಗ ಐತಿ."

"ಏನಾಯ್ತು ಸಾರ್?" ಒಳಗಿನಿಂದ ಬಂದ ತಿರುಮಲ ಕುರ್ಚಿ ತೋರಿಸುತ್ತ ತಮಿಳು ಬೆರೆತ ಕನ್ನಡದಲ್ಲಿ ಉಪಚರಿಸಿದ. "ಉಟ್ಕಾರಿ, ಕಾಪಿ ಕುಡೀರಿ."

"ಕಾಪಿ ಬ್ಯಾಡ. ನನ್ನ ಕೆಲಸ ಕೊಡ್ರಿ."

ಅವನು ಹೇಳಿದ್ದು ಇಷ್ಟು. ಬೆಳಗಿನ ಪಿಕಪ್ ಇದ್ದ ದಿನ ಅವನು ಸ್ಟುಡಿಯೋದ ನೆಲಮಾಳಿಗೆಯಲ್ಲಿ ವ್ಯಾನು ನಿಲ್ಲಿಸಿ ಅದರಲ್ಲೇ ಮಲಗುತ್ತಾನೆ. ಫೋನಿನ ಅಲಾರಾಮೇ ಅವನನ್ನು ಎಬ್ಬಿಸಬೇಕು. ಮೊನ್ನೆ ಫೋನು ಸತ್ತಿತ್ತು, ಅಲಾರಾಂ ಹೊಡೆಯಲಿಲ್ಲ. ಮೇಕಪ್ಪಿನವರು ರಸ್ತೆಯಲ್ಲಿ ಕಾದು ಕಾದು ಆಟೋ ಹಿಡಿದರು. ಯೂನಿಟ್ಟಿನ ಮ್ಯಾನೇಜರ್ ಶ್ರೀಕಾಂತ್ ಬೈದಾಗ ಮುರಿಗೆಪ್ಪ ತಪ್ಪು ಆ್ಯಪಿನದು ಎಂದ. ಶ್ರೀಕಾಂತ್ ಸ್ಟೋರ್ ತೆಗೆದು ಪ್ರಣಮ್ಯಾಳ ಉತ್ತರ ನೋಡಿದ.

"ಅವರೂ ಕನ್ನಡದವರ. 'ಕಂಪನಿಯವರ ಹೇಳ್ಯಾರ, ತಪ್ಪು ನಿನ್ನ ಫೋನಿಂದು. ಕುಡದು ಮಲಗಿ ಆ್ಯಪಿನ ಮ್ಯಾಲೆ ಹಾಕ್ತೀಯಾ' ಅಂದ್ರು. ನಾಳೆಯಿಂದ ಬೇರೆಯವರು ಗಾಡಿ ಹೊಡೀತಾರಂತ. ತಪ್ಪು ಆ್ಯಪಿಂದಾ ಅಂತ ತೋರಸಾಕ ಇವತ್ತು ಸಂಜೀತನಕ ಟೈಮ್ ಕೊಟ್ಟಾರ."

"ಅದು ನಿಮ್ಮ ಮ್ಯಾನೇಜರ್ ವಿಷಯ ಪಾ," ತಿರುಮಲನ ಸ್ವರದಲ್ಲಿ ಕಾಫಿಯ ಬಿಸಿ ಆರಿತ್ತು. "ನಾವು ಮರ್ಯಾದೆಯಾಗಿ ಬರೆದಿದ್ದೀವಿ. ನಿಮ್ಮನ್ನ ಕುಡುಕ ಅಂತ ಬರೆದಿದ್ದೀವಾ?"

"ಅಂದಿದ್ರ ಚಲೋ ಇತ್ತು. ಬರೇ ಬೈಗಳ ಅಂತ ತಿಳದು ಯಾರೂ ನಂಬ್ತಿರಲಿಲ್ಲ."

ಮೂಲೆಯ ಮೇಜಿನಿಂದ ಸುಘೋಷ ತಲೆ ಎತ್ತಿದ. "ನೆಲಮಾಳಿಗೆಯಲ್ಲಿ ಸಿಗ್ನಲ್ ಇರತ್ತಾ?"

"ಎಲ್ಲೀದು? ಗಾಡಿ ನಿಲ್ಲಿಸಿ 'ಟ್ರಿಪ್ ಮುಗಿಯಿತು' ಒತ್ತಿ ಮಲಗ್ತೀನಿ."

ಸುಘೋಷ ಡ್ರಾಯರಿನಿಂದ ಪರೀಕ್ಷೆಯ ಫೋನು ತೆಗೆದ. ಟ್ರಿಪ್ ಶುರು ಮಾಡಿ, ನೆಟ್‌ವರ್ಕ್ ಆಫ್ ಮಾಡಿ, 'ಮುಗಿಯಿತು' ಒತ್ತಿದ. ಪರದೆಯ ಮೇಲೆ ಪ್ರಯಾಣ ಮುಗಿದಿದೆ ಎಂದು ಬಂತು. ಮೇಲಿನಿಂದ ಬೆರಳು ಜಾರಿಸಿ ಸೂಚನೆಗಳನ್ನು ಎಳೆದ. ಅಲ್ಲಿ 'ಪ್ರಯಾಣ ನಡೆಯುತ್ತಿದೆ' ಎಂದೇ ಇತ್ತು.

"ನಿಲ್ಲಲಿಲ್ಲ," ಎಂದ. "ಹೋದ ಅಪ್‌ಡೇಟಿನಲ್ಲಿ, ಮುಗೀತು ಅಂತ ಸರ್ವರ್ ಒಪ್ಪಿಕೊಂಡ ಮೇಲೆ ಮಾತ್ರ ಲೊಕೇಶನ್ ನಿಲ್ಲೋ ಹಾಗೆ ಮಾಡಿದೆ. ಸಿಗ್ನಲ್ ಇಲ್ಲದಿದ್ರೆ ಸರ್ವರಿಗೆ ತಲುಪೋದೇ ಇಲ್ಲ. ಫೋನು ನಿದ್ದೆ ಹೋಗಲ್ಲ, ರಾತ್ರಿಯೆಲ್ಲ ಜಾಗ ಹುಡುಕುತ್ತಾ ಇರತ್ತೆ. ಕಾಂಕ್ರೀಟಿನ ಕೆಳಗೆ ಉಪಗ್ರಹಾನೂ ಸಿಗಲ್ಲ, ಇನ್ನೂ ಜಾಸ್ತಿ ತಿನ್ನತ್ತೆ. ಆ್ಯಪ್ ಫೋನನ್ನ ಎಚ್ಚರ ಇಡ್ತಿದೆ ಅಂತ ಸ್ಟೋರಿನವರ ಕನ್ಸೋಲಲ್ಲಿ ಎಚ್ಚರಿಕೆ ಬಂದಿತ್ತು. ಹೇಳಿದ್ನಲ್ಲ ತಿರುಮಲ ಸಾರ್? 'ಆಮೇಲೆ ನೋಡೋಣ' ಅಂದ್ರಿ."

"ಹೊರಗಿನವರ ಮುಂದೆ ಬಾಯಿ ಮುಚ್ಚು."

"ಹೊರಗಿನವ?" ಮುರಿಗೆಪ್ಪ ನಕ್ಕ. "ರಾತ್ರಿಯೆಲ್ಲ ನನ್ನ ಕಿಸೆದಾಗ ನಿಮ್ಮ ಆ್ಯಪ್ ಎದ್ದು ಕುಂತಿರ್ತದ. ಇನ್ನೆಷ್ಟು ಒಳಗ ಬರಬೇಕು?"

ತಿರುಮಲ ಕುರ್ಚಿ ಎಳೆದು ಕುಳಿತ. "ಶರಿ. ಸರಿ ಮಾಡಿ ಅಪ್‌ಡೇಟ್ ಬಿಡ್ತೀವಿ. ಇವರಿಗೆ ಬೇಕಾದ್ರೆ ಒಂದು ಮೇಲ್ ಕಳಿಸೋಣ. ಸ್ಟೋರಲ್ಲಿ ಮಾತ್ರ ಒಂದಕ್ಷರ ಬದಲಾಗಬಾರದು. ಊರೆಲ್ಲ ಓದೋ ಜಾಗ ಅದು. ಮುಂದಿನ ವಾರ ಟ್ರಾವೆಲ್ಸಿನವರು ಆ್ಯಪ್ ನೋಡೋಕೆ ಬರ್ತಿದ್ದಾರೆ."

"ಊರೆಲ್ಲ ಓದೂ ಜಾಗದಾಗ ನನ್ನ ಮಾರಿಗೆ ಮಸಿ ಹಚ್ಚಿ, ಮೂಲ್ಯಾಗ ಕರದು ಒರಸ್ತೀರೇನು? ಶ್ರೀಕಾಂತ್ ಸಾಹೇಬ್ರು ಮೇಲ್ ನಂಬಂಗಿಲ್ಲ. ನಾನ ಬರಸ್ಕೊಂಡೆ ಅಂತಾರ."

ಪ್ರಣಮ್ಯಾ ಆಗಲೇ ಲ್ಯಾಪ್‌ಟಾಪಿನಲ್ಲಿ, ದೂರುಗಳಿಗೆ ಉತ್ತರ ಹಾಕುವ ಸ್ಟೋರಿನ ಕನ್ಸೋಲ್ ತೆರೆದಿದ್ದಳು. ಒಂದು ದೂರಿಗೆ ಅಲ್ಲಿ ಒಂದೇ ಉತ್ತರ. ಆದರೆ ಹಾಕಿದ ಉತ್ತರವನ್ನು ತಿದ್ದಬಹುದು. ಮುನ್ನೂರೈವತ್ತು ಅಕ್ಷರ ಮೀರುವಂತಿಲ್ಲ. ಹಳೆಯದರಲ್ಲಿ ಅರ್ಧದಷ್ಟು ಜಾಗ ವಿನಯವೇ ತಿಂದಿತ್ತು.

"ಏಯ್, ಏನ್ ಮಾಡ್ತಿದ್ದೀ?"

"ತಿದ್ದುತಿದ್ದೀನಿ ಚಿಕ್ಕಪ್ಪಾ."

"ನಾನು ಬೇಡ ಅಂದೆ."

"ಕೆಳಗೆ ನಿಮ್ಮ ಹೆಸರಿದ್ದಿದ್ರೆ ಬಿಟ್ಟುಬಿಡ್ತಿದ್ದೆ."

"ಅನ್ನ ಹಾಕೋ ಕೈ ಕಚ್ಚೋಕೆ ಅಣ್ಣ ಕಲಿಸಿದ್ನಾ?"

ಅವಳ ಕಿವಿ ಕೆಂಪಾಯಿತು. ಬೆರಳು ನಿಲ್ಲಲಿಲ್ಲ. 'ಮುರಿಗೆಪ್ಪ ಅವರೇ, ತಪ್ಪು ನಮ್ಮದು, ನಿಮ್ಮ ಫೋನಿನದಲ್ಲ. ಸಿಗ್ನಲ್ ಇಲ್ಲದ ಕಡೆ ಟ್ರಿಪ್ ಮುಗಿಸಿದರೆ ಆ್ಯಪ್ ನಿಲ್ಲದೆ ಬ್ಯಾಟರಿ ಖಾಲಿ ಮಾಡುತ್ತಿದೆ. ಇನ್ನೂ ಸರಿಯಾಗಿಲ್ಲ. ಅಪ್‌ಡೇಟ್ ಬರುವವರೆಗೆ ಟ್ರಿಪ್ ಮುಗಿದ ಮೇಲೆ ಸೆಟ್ಟಿಂಗ್ಸಿನಲ್ಲಿ ಆ್ಯಪನ್ನು ಬಲವಂತವಾಗಿ ನಿಲ್ಲಿಸಿ. ಮೊದಲು ವಿಚಾರಿಸದೆ ಉತ್ತರಿಸಿದ್ದೆ, ಕ್ಷಮಿಸಿ. ಪ್ರಣಮ್ಯಾ.'

'ಪ್ರಕಟಿಸು' ಒತ್ತಿದಳು. ತಿರುಮಲ ಬಂದು ಲ್ಯಾಪ್‌ಟಾಪಿನ ಮುಚ್ಚಳ ಬಡಿದ. ಅಷ್ಟರಲ್ಲಿ ಹೋಗಿಯಾಗಿತ್ತು.

ತಿದ್ದಿದ್ದು ಸ್ಟೋರಿನಲ್ಲಿ ಕಾಣಲು ಹೊತ್ತಾಯಿತು. ಮುರಿಗೆಪ್ಪ ಕೂರಲಿಲ್ಲ. ಮಳೆಮೋಡ ನೋಡುವವನ ಹಾಗೆ ಫೋನು ನೋಡುತ್ತ, ಬೆರಳಿನಿಂದ ಎಳೆಯುತ್ತ ಬಾಗಿಲಲ್ಲೇ ನಿಂತಿದ್ದ. ಕೆಳಗೆ ಅಂಗಡಿಯವನು ಪಾತ್ರೆಯ ಮೇಲೆ ಯಾರದೋ ಹೆಸರು ಕೊರೆಯುವ ಸದ್ದು ಮೇಲಕ್ಕೆ ಬರುತ್ತಿತ್ತು.

"ಬಂತು," ಎಂದ. ಮುರಿಗೆಪ್ಪ ಅದನ್ನು ಓದಿ, ಶ್ರೀಕಾಂತನಿಗೆ ಫೋನು ಮಾಡಿ, ಸ್ಪೀಕರ್ ಹಾಕಿದ.

"ಮೊನ್ನೆ ಹಾಗೆ ಬರೆದಿದ್ರು, ಇವತ್ತು ಹೀಗೆ," ಶ್ರೀಕಾಂತ್ ಗುಡುಗಿದ. "ಹೆದರಿಸಿ ಬರೆಸ್ಕೊಂಡ್ಯಾ? ಆ ಹುಡುಗಿ ಅಲ್ಲಿದ್ರೆ ಕೊಡು."

ಪ್ರಣಮ್ಯಾ ಫೋನಿಗೆ ಬಾಗಿದಳು. "ಸಾರ್, ಮೊನ್ನೆ ನಾನು ಏನೂ ನೋಡದೆ ಬರೆದೆ. ಇವತ್ತು ಕಣ್ಣಾರೆ ನೋಡಿ ಬರೆದೆ. ನಿಮ್ಮ ಫೋನಲ್ಲೂ ನೆಟ್‌ವರ್ಕ್ ಆಫ್ ಮಾಡಿ ಟ್ರಿಪ್ ಮುಗಿಸಿ ನೋಡಿ, ಗೊತ್ತಾಗತ್ತೆ."

ಶ್ರೀಕಾಂತನ ಸಿಟ್ಟು ಈ ಕಡೆ ತಿರುಗಿತು. "ಇಷ್ಟು ದಿನ ಇಂಥ ದರಿದ್ರ ಆ್ಯಪಿಗೆ ನಾವು ದುಡ್ಡು ಕಟ್ಟಿದ್ವಾ? ನಾಳೆಯಿಂದ ನಮ್ಮ ಯಾವ ಗಾಡೀಲೂ ಬೇಡ. ಮುರಿಗೆಪ್ಪ, ಬೆಳಿಗ್ಗೆ ಗಾಡಿ ತೆಗಿ. ಒಂದು ಗಡಿಯಾರ ತಗೋ."

ಫೋನು ಕಟ್ಟಾಯಿತು.

"ನೋಡಿದ್ಯಾ?" ತಿರುಮಲ ಅಣ್ಣನ ಮಗಳ ಕಡೆ ತಿರುಗಿದ. "ಒಂದು ಯೂನಿಟ್ಟೇ ಹೋಯ್ತು. ಸುಘೋಷ, ಇವಳ ಲಾಗಿನ್ ಈಗಲೇ ತೆಗಿ."

"ಮೊದಲು ತಪ್ಪು ತೆಗೀತೀನಿ," ಎಂದ ಸುಘೋಷ. ತಲೆ ಎತ್ತಲಿಲ್ಲ.

ಪ್ರಣಮ್ಯಾ ಚೀಲ ತೆಗೆದುಕೊಂಡಳು. ಮುರಿಗೆಪ್ಪ ಮೆಟ್ಟಿಲು ಇಳಿಯತೊಡಗಿದ್ದ. ಅವನ ಹಿಂದೆಯೇ ಇಳಿದವಳು, ಕೇಳಬಾರದೆಂದುಕೊಂಡೂ ಕೇಳಿದಳು: "ಆ ಒಂದು ಸ್ಟಾರು?"

"ಇರ್ಲಿ," ಎಂದ ಅವನು, ತಿರುಗದೆ. "ಬ್ಯಾಟರಿ ಇನ್ನೂ ತಿನ್ನಾಕತ್ತೈತಲ್ಲ."