ಕಾರಣ ಬರೆಯದ ಪತ್ರ

ನಂಜನಗೂಡಿನ ಆ ಮಸಾಲೆಪುಡಿ ಕಾರ್ಖಾನೆಯಿಂದ ಕನ್ನಡದಲ್ಲಿ ಹೊರಡುವ ಪ್ರತಿಯೊಂದು ಕಾಗದವೂ ಚಂಪಕಳ ಮೇಜನ್ನು ಹಾದೇ ಹೋಗಬೇಕು. ಹದಿನಾರು ವರ್ಷದಿಂದ ಹಾಗೆಯೇ. ಈ ಸಲ ಪುಡಿ ಕೊಳ್ಳುವ ಹೊರದೇಶದವರು, ಕೆಲಸದ ಪ್ರಕಟಣೆಯಲ್ಲಿ ವಯಸ್ಸು, ಗಂಡು ಹೆಣ್ಣು, ಮದುವೆ ಯಾವುದನ್ನೂ ಎತ್ತಬಾರದೆಂದು ಪತ್ರ ಹಾಕಿದ್ದರು. ಎಚ್.ಆರ್. ಅಧಿಕಾರಿ ಗಂಗಾಧರಸ್ವಾಮಿ ಹಳೆಯ ಪ್ರಕಟಣೆಯನ್ನು ತಂದು ಅವಳ ಮುಂದಿಟ್ಟರು.

'ಪ್ಯಾಕಿಂಗ್ ಕೆಲಸಕ್ಕೆ ಹದಿನೆಂಟರಿಂದ ಇಪ್ಪತ್ತೆಂಟು ವರ್ಷದ, ಚುರುಕಾದ, ಅವಿವಾಹಿತ ಹೆಣ್ಣುಮಕ್ಕಳು ಬೇಕಾಗಿದ್ದಾರೆ.'

ಚಂಪಕ ಎದ್ದು ಪ್ಯಾಕಿಂಗ್ ಹಾಲಿಗೇ ಹೋದಳು. ಕೆಲಸಕ್ಕೆ ನಿಜವಾಗಿ ಏನು ಬೇಕೆಂದು ಕೇಳಿಕೊಂಡು ಬಂದು ಬರೆಯತೊಡಗಿದಳು. 'ಚುರುಕಾದ' ಎಂಬುದು ಹೋಗಿ 'ಎಂಟು ಗಂಟೆಯ ಪಾಳಿ, ಬಹುಪಾಲು ನಿಂತು ಮಾಡುವ ಕೆಲಸ, ಲೇಬಲ್ ಮೇಲಿನ ಕನ್ನಡ ಓದಲು ಬರಬೇಕು' ಎಂದಾಯಿತು. 'ಹೆಣ್ಣುಮಕ್ಕಳು' ಇದ್ದಲ್ಲಿ 'ಕೆಲಸಗಾರರು' ಬಂತು. ಹದಿನೆಂಟು ತುಂಬಿರಬೇಕೆಂಬ ಮಾತನ್ನು ಮಾತ್ರ ಉಳಿಸಿದಳು, ಅದು ಕಾನೂನು. ರಜೆಯ ನಿಯಮದಲ್ಲಿ 'ವಿವಾಹಿತ ಮಹಿಳೆಯರಿಗೆ ಹೆರಿಗೆ ರಜೆ' ಎಂದಿತ್ತು. 'ವಿವಾಹಿತ' ಪದಕ್ಕೆ ಗೆರೆ ಎಳೆದಳು. ಕಾನೂನು ಮದುವೆಯ ಮಾತೆತ್ತುವುದಿಲ್ಲ. ಅರ್ಜಿಯಲ್ಲಿದ್ದ 'ತಂದೆ ಅಥವಾ ಗಂಡನ ಹೆಸರು' ಎಂಬ ಸಾಲಿನ ಬದಲು 'ತುರ್ತಿನಲ್ಲಿ ಯಾರಿಗೆ ತಿಳಿಸಬೇಕು?' ಎಂದು ಬರೆದಳು. ಮದುವೆಯಾಗದೆ ನಲವತ್ತೊಂಬತ್ತು ಮುಟ್ಟಿದ್ದ ಅವಳಿಗೆ ಆ ಸಾಲು ತಿದ್ದುವಾಗ ಹಿತವಾಗಿತ್ತು.

ಪ್ರಕಟಣೆ ಹೆಮ್ಮಿಗೆಯ ಹಾಲಿನ ಡೇರಿಯ ಗೋಡೆಗೂ ಹತ್ತಿತು. ಅದನ್ನು ಓದಿ ಬಂದವಳು ವಿಶಾಲಮ್ಮ. ನಲವತ್ನಾಲ್ಕು ವರ್ಷ. ಗಂಡ ಬೇರೆ ಸಂಸಾರ ಮಾಡಿಕೊಂಡು ಹೋಗಿ ಒಂಬತ್ತು ವರ್ಷವಾಗಿತ್ತು. ತಿ. ನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಹೊಸ ಸೀರೆಯ ಸೆರಗು ಬಿಗಿದುಕೊಂಡು ಬಂದಿದ್ದಳು. ಚಂಪಕಳೇ ಲೇಬಲ್ ಕೊಟ್ಟು ಓದಿಸಿದಳು. ಒಂದು ಕಡೆಯೂ ತಡವರಿಸಲಿಲ್ಲ.

"ನಿಂತ್ಕೊಂಡು ಮಾಡಕಾಯ್ತದಾ ವಿಶಾಲಮ್ಮ?"

"ನಾಟಿ ಮಾಡ್ದೋಳು ಕಣಮ್ಮ ನಾನು, ಬಗ್ಗಿ ಬಗ್ಗಿ ಸೊಂಟ ಓಗ್ಯದೆ. ನಿಲ್ಲಾದು ಅಂದ್ರೆ ನಂಗೆ ರಜಾ ಇದ್ದಂಗೆ."

ಪಕ್ಕದಲ್ಲಿದ್ದ ಮೇಲ್ವಿಚಾರಕ ಮದನ್ ಕೂಡ ನಕ್ಕ. ಚಂಪಕ ಅವಳ ಹೆಸರಿನ ಮುಂದೆ 'ಅರ್ಹರು' ಎಂದು ಬರೆದಳು.

ಸಂಜೆ ಆಯ್ಕೆಯಾದವರ ಪಟ್ಟಿ ಬಂತು. ವಿಶಾಲಮ್ಮನ ಹೆಸರಿರಲಿಲ್ಲ. ಪಟ್ಟಿಯ ಜೊತೆ ಒಂದು ಹಾಳೆ ಪಿನ್ನಾಗಿತ್ತು, ಅಕ್ಷರ ಗೇಟಿನ ಕಾವಲುಗಾರ ಬಸವಯ್ಯನದು. ವಯಸ್ಸು, ಗಂಡ, ಮಕ್ಕಳು ಎಷ್ಟು ಎಂಬ ಕಾಲಂಗಳು. ಬಂದವರನ್ನೆಲ್ಲ ಗೇಟಿನಲ್ಲೇ ನಿಲ್ಲಿಸಿ, ನೀರು ಕೊಟ್ಟು, ಊರಿನವರಂತೆ ಮಾತಾಡಿಸಿ ಅವನು ತುಂಬಿಕೊಂಡಿದ್ದ.

ಹಾಳೆ ಹಿಡಿದು ಗಂಗಾಧರಸ್ವಾಮಿಯ ಕೋಣೆಗೆ ಹೋದಳು. "ಸಾರ್, ಇದನ್ನ ಕೇಳಬಾರದು ಅಂತ ತಾನೇ ನಾವು ಬರೆದಿದ್ದು?"

"ಬರೆಯಬಾರದು ಅಂದ್ರು. ಬರೆದಿಲ್ವಲ್ಲ! ಗೋಡೆ ಮೇಲಿಂದು ಹೊರದೇಶದಿಂದ ನೋಡಕ್ಕೆ ಬರೋರಿಗೆ, ಗೇಟಿಂದು ನಮಗೆ. ಎಷ್ಟು ಚೆನ್ನಾಗಿ ಬರೆದ್ರಿ ನೀವು, ಓನರ್ ಮೇಡಂನೋರೇ ಹೊಗಳಿದ್ರು."

"ವಿಶಾಲಮ್ಮ ಎಲ್ಲಾದಕ್ಕೂ ಅರ್ಹರಿದ್ದಾರೆ."

"ಆಯಮ್ಮ ಎಷ್ಟು ದಿನ ನಿಲ್ತಾರೆ ಹೇಳಿ. ಗಂಡ ಬಂದು ಗೇಟಲ್ಲಿ ಗಲಾಟೆ ಮಾಡಿದ್ರೆ? ಮದನ್ ಪತ್ರ ಬರೆದಿದ್ದಾನೆ, ಒರಟಾಗಿದೆ. ನಿಮ್ಮ ಧಾಟಿಲಿ ಸ್ವಲ್ಪ ತಿದ್ದಿಕೊಡಿ. ನಿಮ್ಮ ಕಾಂಟ್ರಾಕ್ಟೂ ಈ ತಿಂಗಳೇ ಮುಗಿಯೋದಲ್ವಾ? ಮುಂದಿನ ವರ್ಷದ್ದಕ್ಕೂ ಹಾಗೇ ಸಹಿ ಹಾಕ್ಸ್ಬಿಡ್ತೀನಿ."

ಮದನ್ ಬರೆದಿದ್ದ: 'ವಯಸ್ಸು ಜಾಸ್ತಿ, ಗಂಡ ಬಿಟ್ಟವರು, ಆದ್ದರಿಂದ ಕೆಲಸ ಕೊಡಲು ಬರುವುದಿಲ್ಲ.'

ಅದನ್ನು ಹಾಗೆಯೇ ಕಳಿಸಿದರೆ ಸಾಕಿತ್ತು. ಆ ಒಂದು ಸಾಲನ್ನು ವಿಶಾಲಮ್ಮ ಯಾರ ಮುಂದೆ ಬೇಕಾದರೂ ಹಿಡಿಯಬಹುದಿತ್ತು, ಪುಡಿ ಕೊಳ್ಳುವವರ ಮುಂದೆಯೂ. ಚಂಪಕ ಪೆನ್ನು ತೆಗೆದಳು. ಅಣ್ಣನ ಮನೆಯ ಹಿಂದಿನ ತನ್ನ ಕೋಣೆ ನೆನಪಾಯಿತು. ಐವತ್ತರ ಹೆಂಗಸಿಗೆ ಬೇರೆಲ್ಲಿ ಕೆಲಸ ಸಿಗುತ್ತದೆಂಬುದೂ. 'ವಯಸ್ಸು ಜಾಸ್ತಿ' ಎಂಬುದಕ್ಕೆ ಗೆರೆ ಎಳೆದಳು. 'ಗಂಡ ಬಿಟ್ಟವರು' ಎಂಬುದಕ್ಕೂ ಎಳೆದಳು. ಮೇಲೆ 'ಮಾನ್ಯರೇ' ಎಂದು ಸೇರಿಸಿದಳು. 'ತಮ್ಮ ಆಸಕ್ತಿಗೆ ಕೃತಜ್ಞತೆಗಳು. ಸದ್ಯದ ಅಗತ್ಯಕ್ಕೆ ಬೇರೆಯವರನ್ನು ಆಯ್ಕೆ ಮಾಡಲಾಗಿದೆ' ಎಂದು ಮುಗಿಸಿದಳು. ಯಾರೂ ಬೆರಳು ತೋರಿಸುವಂತಿರಲಿಲ್ಲ.

ನಾಲ್ಕನೆಯ ದಿನ ವಿಶಾಲಮ್ಮ ಪತ್ರ ಹಿಡಿದು ಬಂದು ಚಂಪಕಳ ಮೇಜಿನ ಎದುರು ನಿಂತಳು. ಕೋಪವಿರಲಿಲ್ಲ.

"ಮೂರ್ಸತಿ ಓದ್ದೆ ಕಣಮ್ಮ. ಬಲು ಮರ್ವಾದಿಯಾಗಿ ಬರ್ದವ್ರೆ, ನಂಗ್ಯಾರೂ ಇಂಗೆ ಮಾನ್ಯರೇ ಅಂದಿರ್ನಿಲ್ಲ. ಆದ್ರೆ ನಾನು ಎಲ್ ತಪ್ದೆ ಅಂತಾನೇ ಇಲ್ವಲ್ಲ? ಓದಾದ್ರಲ್ಲಿ ತಪ್ದ್ನಾ?"

ಚಂಪಕ ಪತ್ರವನ್ನು ಕೈಗೆ ತೆಗೆದುಕೊಂಡಳು, ಮೊದಲ ಸಲ ನೋಡುವವಳಂತೆ.

"ಓದಾದ್ರಲ್ಲಿ ಸ್ವಲ್ಪ ತಪ್ಪಿದ್ರಿ, ವಿಶಾಲಮ್ಮ" ಎಂದಳು.