ಒಂದು ಅಳತೆ ದೊಡ್ಡದು

ದರ್ಜಿಯ ಹೆಂಡತಿಯ ಕೈ ಊದಿ ಬೆರಳು ಕಪ್ಪಿಡತೊಡಗಿದಾಗ ಆಸ್ಪತ್ರೆಯವರು ಯಾರನ್ನೂ ಕೇಳುವ ಗೋಜಿಗೆ ಹೋಗದೆ ಉಂಗುರವನ್ನು ಕತ್ತರಿಸಿ ತೆಗೆದರು. ತಪ್ಪೇನೂ ಮಾಡಲಿಲ್ಲ, ಬೆರಳು ಉಳಿಯಿತು. ಆದರೆ ಎರಡು ತುಂಡಾದ ಉಂಗುರದಲ್ಲಿ ಒಂದು ತುಂಡು ಆ ಗಡಿಬಿಡಿಯಲ್ಲಿ ಯಾರ ಕಾಲಡಿ ಸಿಕ್ಕಿತೋ, ಎಲ್ಲಿ ಗುಡಿಸಿಹೋಯಿತೋ ದೇವರೇ ಬಲ್ಲ. ಉಳಿದ ತುಂಡನ್ನು ಹತ್ತಿಯಲ್ಲಿ ಸುತ್ತಿ ದರ್ಜಿಯ ಅಂಗೈಗೆ ಇಟ್ಟರು. ಮದುವೆಯಾದ ವರ್ಷ ಅವನೇ ತೊಡಿಸಿದ್ದು. ಸವೆದು ಸವೆದು ತಂತಿಯಂತಾಗಿತ್ತು.

ಹೃದಯಕ್ಕೆ ಬಲ ಉಳಿದಿಲ್ಲ, ಅದಕ್ಕೇ ಮೈಯಲ್ಲಿ ನೀರು ನಿಲ್ಲುತ್ತಿದೆ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮನೆಗೆ ಬಂದವಳು ಔಷಧಿಯ ಮಾತೆತ್ತಲಿಲ್ಲ. ಬೋಳು ಬೆರಳನ್ನು ಸವರುತ್ತ, "ರೀ, ಉಂಗುರ ಒಂದು ತರಿಸಿಕೊಡಿ. ಬರಿಗೈಲಿ ಹೋಗೋಕೆ ನಾಚಿಕೆಯಾಗುತ್ತೆ," ಎಂದಳು.

ಎಲ್ಲಿಗೆ ಹೋಗುವುದು ಎಂದು ಅವನು ಕೇಳಲಿಲ್ಲ.

ಅಂಗಡಿಗೆ ಕರೆದೊಯ್ಯುವ ಸ್ಥಿತಿಯಿರಲಿಲ್ಲ. ಮಗಳು ಫೋನ್ ಹಿಡಿದು ಮಂಚದ ಮೇಲೆ ಕುಳಿತು ಒಂದೊಂದೇ ಉಂಗುರ ತೋರಿಸಿದಳು. ತಾಯಿ ಕನ್ನಡಕ ಏರಿಸಿಕೊಂಡು, ಇದು ಗಾಡಿಯ ಚಕ್ರ, ಅದು ಬಾಗಿಲ ಚಿಲಕ ಎಂದು ಹೆಸರಿಡುತ್ತ ತಳ್ಳಿದಳು. ಕೊನೆಗೆ ಹಳೆಯದರಂತೆಯೇ ನುಣುಪಾದ ತೆಳ್ಳನೆಯದೊಂದು ಒಪ್ಪಿಗೆಯಾಯಿತು.

"ಒಳಗಡೆ ಅಕ್ಷರ ಕೆತ್ತಿ ಕೊಡ್ತಾರಂತೆ ಅಮ್ಮ. ಏನು ಬರೆಸೋಣ?"

"'ನಾಳೆ ಬನ್ನಿ, ರೆಡಿಯಾಗಿರುತ್ತೆ' ಅಂತ ಬರೆಸು. ನಿಮ್ಮಪ್ಪ ಜೀವಮಾನ ಪೂರ್ತಿ ಹೇಳಿದ್ದು ಅದೊಂದೇ ಮಾತು."

ಮಗಳು ನಕ್ಕು, ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಒತ್ತಿದಳು. ಬಳಿಕ, "ಕೆತ್ತಿಸಿದರೆ ವಾಪಸ್ ತಗೊಳ್ಳಲ್ಲವಂತೆ ಅಪ್ಪ. ಅಳತೆ ಸರಿಯಾಗಿರಬೇಕು," ಎಂದಳು.

"ಅಳತೆಯ ವಿಷಯ ನನಗೆ ಹೇಳ್ತೀಯಾ?" ಎಂದು ದರ್ಜಿ ಕೊರಳಲ್ಲಿದ್ದ ಟೇಪಿಗೆ ಕೈ ಹಾಕಿದ.

ಆ ಟೇಪು ಬೆರಳಿಗೆ ಅಗಲವಾಯಿತು. ದಾರ ತೆಗೆದ, ಅದು ಊದಿದ ಮಾಂಸದೊಳಗೆ ಹೂತುಹೋಗಿ ಎಳೆದಷ್ಟೂ ಬಂತು. ಕಡೆಗೆ ಮಗಳು ಫೋನಿನಲ್ಲಿ ಓದಿ ಹೇಳಿದಂತೆ ಕಾಗದದ ಸಣ್ಣ ಪಟ್ಟಿಯೊಂದನ್ನು ಕತ್ತರಿಸಿ ಬೆರಳಿನ ಬುಡಕ್ಕೆ ಸುತ್ತಿದ. ತುದಿ ಬಂದು ಕೂಡಿದ ಕಡೆ ಪೆನ್ಸಿಲಿನಿಂದ ಗೀರೆಳೆದ. ಪಟ್ಟಿಯನ್ನು ಬಿಡಿಸಿ ಅಳತೆಪಟ್ಟಿಯ ಪಕ್ಕ ಚಪ್ಪಟೆಯಾಗಿ ಇಟ್ಟ. ಐವತ್ತೆಂಟು ಮಿಲಿಮೀಟರ್. ಗೆಣ್ಣಿನ ಮೇಲೆ ಸುತ್ತಿದಾಗ ಅರವತ್ತು.

"ಗೆಣ್ಣು ದಾಟಬೇಕು, ಬುಡದಲ್ಲಿ ನಿಲ್ಲಬೇಕು. ಎರಡರ ನಡುವಿನ ಅಳತೆ ಕೊಡಿ ಅಂತಿದೆ," ಎಂದಳು ಮಗಳು. ಆಮೇಲೆ ದನಿ ತಗ್ಗಿಸಿ, "ಆದ್ರೆ ಅಪ್ಪ, ಬೆರಳು ಊದಿರೋವಾಗ ಅಳೀಬೇಡಿ ಅಂತಾನೂ ಇದೆ. ನೀರು ಇಳಿಯೋ ಮಾತ್ರೆ ಇವತ್ತಷ್ಟೇ ಶುರುವಾಗಿದೆ. ಊತ ಇಳಿದ ಮೇಲೆ ಅಳೆಯೋಣ್ವಾ?"

"ಊತ ಇಳಿಯೋದನ್ನ ನೋಡೋಕೆ ನಾನಿರ್ಬೇಕಲ್ಲ ಕಣೆ," ಎಂದಳು ತಾಯಿ, ಹಾಲು ಉಕ್ಕುವ ಮುಂಚೆ ಒಲೆ ಆರಿಸಬೇಕಲ್ಲ ಎನ್ನುವಷ್ಟು ಸಲೀಸಾಗಿ.

ಕಾಯುವುದಕ್ಕೆ ದರ್ಜಿಗೆ ಧೈರ್ಯ ಸಾಲಲಿಲ್ಲ. ಸರಿಯಾದ ಅಳತೆ ಕೊಡುವುದಕ್ಕೂ ಸಾಲಲಿಲ್ಲ. ಆಸ್ಪತ್ರೆಯ ಆ ಕತ್ತರಿ ಬೆರಳಿನ ಮೇಲೆ ಕುಳಿತಾಗ ಅವಳು ಹಲ್ಲು ಕಚ್ಚಿದ್ದು ಕಣ್ಣ ಮುಂದೆ ಬಂತು. ಬಟ್ಟೆ ಬಿಗಿಯಾದರೆ ಹೊಲಿಗೆ ಬಿಚ್ಚಬಹುದು, ಚಿನ್ನವನ್ನು ಬಿಚ್ಚುವುದೆಲ್ಲಿಂದ? ಅಂಗಿಗೆ ಬಿಟ್ಟಂತೆ ಸ್ವಲ್ಪ ಸಡಿಲ ಬಿಟ್ಟರಾಯಿತು ಎಂದುಕೊಂಡ.

"ಗೆಣ್ಣಿನ ಅಳತೆಗಿಂತ ಒಂದು ದೊಡ್ಡದೇ ಹಾಕು," ಎಂದ.

"ಅಪ್ಪ, ಅದು ತೀರಾ..."

"ಹಾಕು ಅಂದ್ನಲ್ಲ."

ಉಂಗುರದ ದಾರಿ ಕಾಯುತ್ತಿದ್ದಷ್ಟು ದಿನವೂ ಅವನು ಮುಂಜಾನೆ ಕೈ ಮುಗಿದು ಒಂದೇ ಬೇಡಿಕೆಯಿಟ್ಟ: ಸ್ವಾಮಿ, ಅವಳ ಮೈಯ ಊತ ಇಳಿಸು. ಹೆಚ್ಚಿನದನ್ನು ಕೇಳಿದರೆ ಅತಿಯಾಸೆಯಾದೀತು ಎಂಬ ಅಳುಕಿತ್ತು. ಆ ಬೇಡಿಕೆ ಸಂದಿತು. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಕೈಗಳು ಇಳಿದವು. ದರ್ಜಿ ಹಿಗ್ಗಿ ಮಗಳಿಗೆ ಹೇಳಿದ. ಆದರೆ ನೀರು ಇಳಿದ ಕಡೆ ಹಳೆಯ ಮೈ ಸಿಗಲಿಲ್ಲ. ಊತದ ಮರೆಯಲ್ಲಿ ಅದು ಯಾವಾಗಲೋ ಕರಗಿಹೋಗಿತ್ತು. ಮೂಳೆ, ಮೇಲೊಂದು ಹೊದಿಕೆಯಂಥ ಚರ್ಮ, ಅಷ್ಟೇ.

ಉಂಗುರ ಬಂತು. ಪುಟ್ಟ ಪೆಟ್ಟಿಗೆಯನ್ನು ಅವಳೇ ತೆರೆದಳು. ದರ್ಜಿ ತೊಡಿಸಿದ. ಗೆಣ್ಣನ್ನು ಮುಟ್ಟದೆಯೇ ಬುಡಕ್ಕೆ ಜಾರಿತು. ಅವಳು ನೋಡಲೆಂದು ಕೈಯನ್ನು ಇಳಿಬಿಟ್ಟಳು. ಅದು ಬಂದ ದಾರಿಯಲ್ಲೇ ಜಾರಿ ಹಾಸಿಗೆಯ ಮೇಲೆ ಬಿತ್ತು.

ಮಗಳು ಎದ್ದು ಅಡಿಗೆಮನೆಗೆ ಹೋದಳು. ಅಲ್ಲಿಂದ ನಲ್ಲಿಯ ನೀರು ಸುಮ್ಮನೆ ಸುರಿಯುವ ಸದ್ದು ಬಂತು.

"ಇರಲಿ ಬಿಡಿ, ಮುಷ್ಟಿ ಹಿಡ್ಕೋತೀನಿ," ಎಂದಳು ಅವಳು.

ದರ್ಜಿ ದಾರದ ಡಬ್ಬಿ ತಂದ. ಉಂಡೆಗಳನ್ನು ಒಂದೊಂದಾಗಿ ಅವಳ ಚರ್ಮಕ್ಕೆ ಹಿಡಿದು ಬಣ್ಣ ಹೊಂದುವುದನ್ನು ಆರಿಸಿದ. ಉಂಗುರದ ಅಂಗೈ ಕಡೆಯ ಭಾಗಕ್ಕೆ ಎಳೆಯ ಪಕ್ಕ ಎಳೆಯಿಟ್ಟು ಬಿಗಿಯಾಗಿ ಸುತ್ತಿ ಗಂಟು ಹಾಕಿದ. ಕೆತ್ತಿದ ಅಕ್ಷರಗಳೆರಡೂ ದಾರದಡಿ ಮುಚ್ಚಿಹೋದವು. ಉಂಗುರ ನಿಂತಿತು.

ಕೆಲದಿನ ನಿಂತಿತು. ಕೈ ತೊಳೆದಾಗ ದಾರ ಒದ್ದೆಯಾಗಿ ಒಣಗುತ್ತಿತ್ತು. ಮತ್ತೆ ಸಡಿಲವಾಯಿತು, ಅವನು ಮತ್ತೊಂದು ಸುತ್ತು ಸುತ್ತಿದ. ಅದೂ ಸಾಲದಾಯಿತು.

"ಹೀಗೆ ಸುತ್ತುತ್ತಾ ಹೋದ್ರೆ ಉಂಗುರ ಹೋಗಿ ನೂಲಿನ ಉಂಡೆ ಆಗುತ್ತೆ. ಒಂದ್ಸಲ ಸರಿಯಾಗಿ ಅಳೀರಿ," ಎಂದಳು ಅವಳು. ದನಿ ಬಹಳ ಇಳಿದಿತ್ತು.

ಮೊದಲಿನ ಕಾಗದದ ಪಟ್ಟಿ ಡಬ್ಬಿಯಲ್ಲೇ ಇತ್ತು. ಉಂಗುರವನ್ನು ಗೆಣ್ಣಿನತ್ತ ಸರಿಸಿ ಅದನ್ನೇ ಬುಡಕ್ಕೆ ಸುತ್ತಿದ. ಹಳೆಯ ಗೀರಿಗಿಂತ ಬಹಳ ಮೊದಲೇ ತುದಿ ಬಂದು ಕೂಡಿತು. ಹೊಸ ಗೀರೆಳೆಯಲು ಪೆನ್ಸಿಲು ಎತ್ತಿದವನು ಹಾಗೆಯೇ ಕೆಳಗಿಟ್ಟ.

"ಎಷ್ಟು ಬಂತು?"

"ಹೋದ ಸಲದಷ್ಟೇ ಇದೆ."

ಅವಳು ಕಣ್ಣು ಮುಚ್ಚಿಕೊಂಡೇ ತುಟಿಯಂಚಿನಲ್ಲಿ ನಕ್ಕಳು. ಅಂಗಡಿಯಲ್ಲಿ ಅವನು ಅಳೆಯುತ್ತಿದ್ದಾಗ ಪಕ್ಕದಲ್ಲಿ ಕುಳಿತು ಗುಂಡಿ ಹಾಕುತ್ತಿದ್ದವಳು ಅವಳೇ. ಹೊಟ್ಟೆ ಬೆಳೆಸಿಕೊಂಡು ಬಂದ ಗಿರಾಕಿಗಳೆಲ್ಲರಿಗೂ ಅವನು ಇದೇ ಮಾತನ್ನು ಇದೇ ದನಿಯಲ್ಲಿ ಹೇಳುತ್ತಿದ್ದ. ಅವರು ಸಂತೋಷವಾಗಿ ಹೋದ ಮೇಲೆ ಇಬ್ಬರೂ ಸೇರಿ ನಗುತ್ತಿದ್ದರು.

"ನನಗೂ ಹೇಳಿಬಿಟ್ರಾ?" ಎಂದಳು.

ದರ್ಜಿ ಅವಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಕುಳಿತ. ಸ್ವಲ್ಪ ಹೊತ್ತಿಗೆ ಅವಳಿಗೆ ಜೋಂಪು ಹತ್ತಿತು. ನಿದ್ದೆಯಲ್ಲೂ ಉಂಗುರ ಬೀಳದಂತೆ ಬೆರಳುಗಳು ಮಡಿಚಿಕೊಂಡವು. ದಾರ ಸುತ್ತಬೇಕಾದರೆ ಅದನ್ನು ತೆಗೆಯಬೇಕು, ತೆಗೆಯಬೇಕಾದರೆ ಆ ಮುಷ್ಟಿಯನ್ನು ಬಿಡಿಸಬೇಕು. ಅದು ಅವನಿಂದ ಆಗಲಿಲ್ಲ. ದಾರದ ಉಂಡೆ ತೊಡೆಯಿಂದ ಜಾರಿ ಮಂಚದಡಿಗೆ ಉರುಳಿಹೋಯಿತು.

ರೂಢಿಯಂತೆ ಅವನ ಎರಡೂ ಕೈಗಳು ಜೋಡಿಕೊಂಡವು. ಊತ ಇಳಿಸು ಎಂದಿದ್ದ, ದೇವರು ಇಳಿಸಿಕೊಟ್ಟಿದ್ದ. ಈಗ ಏನನ್ನು ಕೇಳಬೇಕೆಂದು ತಿಳಿಯದೆ, ಕೇಳಿದ್ದು ಮತ್ತೆ ಹೀಗೆಯೇ ಸಂದೀತೆಂಬ ಹೆದರಿಕೆಯಲ್ಲಿ, ಏನನ್ನೂ ಬೇಡದೆ ಕೈ ಮುಗಿದುಕೊಂಡೇ ಕುಳಿತಿದ್ದ.