ಕಡತದಲ್ಲಿ ‘ಚರ್ಚಿಸಿ’ ಎಂದಿತ್ತು

ನಮ್ಮ ಅಕ್ಕನ ಹೊಲಿಗೆ ಅಂಗಡಿ ಮಾರುಕಟ್ಟೆಯೊಳಗಿದೆ, ನಾನು ಕೆಲಸ ಮಾಡುವ ಪುರಸಭೆ ಕಚೇರಿ ರಸ್ತೆಯ ಆಚೆ ಬದಿಗೆ. ಮಧ್ಯಾಹ್ನ ಡಬ್ಬಿ ಹಿಡಿದು ಅಲ್ಲಿಗೇ ಹೋಗುತ್ತೇನೆ. ಬಟ್ಟೆ ಚೂರುಗಳನ್ನು ಕಾಲಲ್ಲಿ ಸರಿಸಿ ಸ್ಟೂಲಿನ ಮೇಲೆ ಕೂತರೆ ಅಕ್ಕ ನೀರು ಬಗ್ಗಿಸಿಕೊಡುತ್ತಾಳೆ, ಜೊತೆಗೆ ಬೈಗುಳವನ್ನೂ ಬಡಿಸುತ್ತಾಳೆ. ಎರಡಕ್ಕೂ ನಾನು ಒಗ್ಗಿಹೋಗಿದ್ದೆ.

ಬೈಗುಳಕ್ಕೆ ಕಾರಣ ಒಂದು ಬೀಗ. ಮಾರುಕಟ್ಟೆಯ ಹಿಂದೆ ಹೆಂಗಸರಿಗೆಂದು ಪುರಸಭೆ ಶೌಚಾಲಯ ಕಟ್ಟಿಸಿತ್ತು. ಟೈಲ್ಸ್ ಹಾಕಿಸಿತು, ನೀರಿನ ಟ್ಯಾಂಕ್ ಇಡಿಸಿತು, ನೀಲಿ ಬೋರ್ಡೂ ಬರೆಸಿತು. ಆಮೇಲೆ ಬಾಗಿಲಿಗೆ ಬೀಗ ಜಡಿದು ಮರೆತೇಬಿಟ್ಟಿತು. ತರಕಾರಿ ಮಾರುವವರು, ಹೂವು ಕಟ್ಟುವವರು, ಅಕ್ಕನಂಥವರು, ಎಲ್ಲರೂ ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ ಬಸ್ ನಿಲ್ದಾಣದವರೆಗೆ ನಡೆಯಬೇಕಿತ್ತು.

“ಬೀಗ ನಿಮ್ಮ ಆಫೀಸಿಂದೇ ಅಲ್ವೇನೋ?”

“ಆಗುತ್ತೆ ಬಿಡಕ್ಕ, ಫೈಲು ಓಡಾಡ್ತಿದೆ.”

“ಓಡಾಡೋಕೆ ಅದಕ್ಕಾದ್ರೂ ಕಾಲಿದೆಯಲ್ಲ, ಪುಣ್ಯ.”

ಒಂದು ದಿನ ಮಾಹಿತಿ ಹಕ್ಕಿನಡಿ ಅವಳ ಅರ್ಜಿ ನನ್ನ ಮೇಜಿಗೇ ಬಂತು. ಕಚೇರಿಯ ಮಾಹಿತಿ ಅಧಿಕಾರಿಯೂ ನಾನೇ. ಉತ್ತರ ತಡವಾದರೆ ದಂಡ ಸ್ವಂತ ಸಂಬಳದಿಂದ ಹೋಗುತ್ತದೆ ಎಂದು ಯಾರೂ ಒಪ್ಪದ ಆ ಹುದ್ದೆಯನ್ನು ಸಭೆಯಲ್ಲಿ ತೂಕಡಿಸುತ್ತಿದ್ದ ನನ್ನ ಕೊರಳಿಗೆ ಕಟ್ಟಿದ್ದರು. ಅಕ್ಕ ಶುಲ್ಕ ಕಟ್ಟಿ, ಮುದ್ದಾದ ಅಕ್ಷರದಲ್ಲಿ ಮೂರು ಪ್ರಶ್ನೆ ಕೇಳಿದ್ದಳು. ಬೀಗ ಯಾಕೆ ಹಾಕಿದ್ದೀರಿ? ಯಾವಾಗ ತೆಗೆಯುತ್ತೀರಿ? ನಿಮಗೆ ನಾಚಿಕೆ ಆಗುವುದಿಲ್ಲವೇ?

ನಾನು ನಿಯಮದ ಮನುಷ್ಯ. ದಾಖಲೆಯಲ್ಲಿ ಇರುವುದನ್ನು ಕೊಡಬೇಕು, ಇಲ್ಲದ ಕಾರಣವನ್ನು ಹುಟ್ಟಿಸಿ ಹೇಳಬೇಕಿಲ್ಲ ಎಂದು ಕಾನೂನು ಇದೆ. ಹಾಗೆಯೇ ಬರೆದೆ. ಮೂರನೆಯ ಪ್ರಶ್ನೆ ‘ಮಾಹಿತಿ’ಯ ವ್ಯಾಖ್ಯೆಗೆ ಒಳಪಡುವುದಿಲ್ಲ ಎಂದೂ ಬರೆದೆ. ಒಪ್ಪಿಗೆಯಾಗದಿದ್ದರೆ ಮುಖ್ಯಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು ಎಂದು ಸೇರಿಸಿ, ಸಹಿ ಹಾಕಿ, ರಸ್ತೆಯ ಆಚೆ ಬದಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ.

ಅಂಚೆಯವನು ಆ ಲಕೋಟೆ ತಂದಾಗ ನಾನು ಅಲ್ಲೇ ಕೂತು ಉಣ್ಣುತ್ತಿದ್ದೆ. ಅಕ್ಕ ಸಹಿ ಮಾಡಿ ತೆಗೆದುಕೊಂಡಳು. ಕನ್ನಡಕ ಏರಿಸಿ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ನನಗೇ ಓದಿ ಹೇಳಿದಳು.

“ಅಂದ್ರೆ ನಿಂಗೆ ನಾಚಿಕೆ ಇದೆಯೋ ಇಲ್ವೋ, ದಾಖಲೆ ಇಲ್ಲ?”

“ಅಕ್ಕ, ‘ಯಾಕೆ’ ಅಂತ ಕೇಳಬಾರದು. ಕಾನೂನು ಇರೋದೇ ಹಾಗೆ.”

“ಆ ಕಾನೂನಲ್ಲೇ ಅರ್ಜಿದಾರರಿಗೆ ನೆರವಾಗಬೇಕು ಅಂತಾನೂ ಇದೆಯಂತೆ. ಅಷ್ಟು ದೂರ ಓದಲಿಲ್ವಾ? ಹಾಗಾದ್ರೆ ಹೇಗೆ ಕೇಳಬೇಕು, ಹೇಳು.”

ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ. ಕೈ ತೊಳೆದುಕೊಂಡು ಹೇಳಿದೆ. ಕಡತವನ್ನೇ ನೋಡಬೇಕು ಎಂದು ಕೇಳು. ಯಾರ ಹತ್ತಿರ ಎಷ್ಟು ದಿನ ಇತ್ತು, ಅವರ ಹುದ್ದೆ ಏನು, ಟಿಪ್ಪಣಿ ಹಾಳೆಯಲ್ಲಿ ಏನು ಬರೆದರು, ಇವುಗಳ ಪ್ರತಿ ಕೇಳು. ಅವಳು ಅಳತೆ ಬರೆಯುವ ಪೆನ್ಸಿಲಿನಲ್ಲೇ ಬರೆದುಕೊಂಡಳು.

ಹೊಸ ಅರ್ಜಿ ಬಂದ ದಿನವೇ ಮುಖ್ಯಾಧಿಕಾರಿ ಕರೆಸಿದರು.

“ನಿಮ್ಮ ಸ್ವಂತ ಅಕ್ಕ ಅಂತಲ್ರೀ. ಅದೇನಿದೆಯೋ ಮನೇಲೇ ಹೇಳಿಬಿಡಿ. ಅರ್ಜಿ ವಾಪಸ್ ತಗೊಳ್ಳಲಿ.”

“ಮನೇಲಿ ಹೇಳಿದ್ದಕ್ಕೆ ಸಹಿ ಇರಲ್ಲ ಸರ್.”

ಇದು ನನ್ನ ಬಾಯಿಂದ ಹೇಗೆ ಬಂತೋ ನನಗೇ ಆಶ್ಚರ್ಯ. ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತರು. ಕೊಡಬೇಡಿ ಎಂದು ಬರೆದುಕೊಟ್ಟರೆ ಆ ಚೀಟಿಯನ್ನೂ ನಾಳೆ ಅಕ್ಕ ಕೇಳುತ್ತಾಳೆ, ಅದು ಅವರಿಗೂ ಗೊತ್ತಿತ್ತು. “ಕಾನೂನು ಏನು ಹೇಳುತ್ತೋ ಮಾಡಿ” ಎಂದರು.

ಅಕ್ಕ ಕಡತ ನೋಡಲು ಬಂದಳು. ಅಂಗಡಿಗೆ ಬರುವ ದೊಡ್ಡವರಿಗೆ ಕೊಡುವಷ್ಟೇ ಮರ್ಯಾದೆಯಿಂದ ಎಲ್ಲರಿಗೂ ನಮಸ್ಕಾರ ಹೇಳಿ, ನನ್ನ ಎದುರು ಕುರ್ಚಿಯಲ್ಲಿ ಕೂತಳು. ಕಚೇರಿಯಲ್ಲಿ ನಾನು ಅವಳನ್ನು ‘ನೀವು’ ಎಂದೆ, ಅವಳೂ ನನ್ನನ್ನು ‘ನೀವು’ ಎಂದಳು. ಇಬ್ಬರಿಗೂ ನಗು ತಡೆಯುವುದು ಕಷ್ಟವಾಯಿತು. ಇಂಜಿನಿಯರ್ ನೀರು ಕುಡಿಯುವ ನೆವದಲ್ಲಿ ಹಾದುಹೋದರು. ಆರೋಗ್ಯ ವಿಭಾಗದವರು ಸುಮ್ಮನೆ ಹಾದುಹೋದರು.

ಕಡತದಲ್ಲಿ ಗುಟ್ಟೇನೂ ಇರಲಿಲ್ಲ. ಬೀಗದ ಕೈ ಯಾರ ಬಳಿ ಇರಬೇಕು, ಸ್ವಚ್ಛ ಮಾಡಿಸುವ ಹೊಣೆ ಆರೋಗ್ಯ ವಿಭಾಗದ್ದೋ ಮಾರುಕಟ್ಟೆ ವಿಭಾಗದ್ದೋ ಎಂದು ಇಂಜಿನಿಯರ್ ಕೇಳಿದ್ದರು. ಅದರ ಕೆಳಗೆ ಮುಖ್ಯಾಧಿಕಾರಿಯ ಬರಹ: ‘ಚರ್ಚಿಸಿ’. ಅದರ ಕೆಳಗೆ ಆರೋಗ್ಯ ವಿಭಾಗ: ‘ಚರ್ಚಿಸಲಾಯಿತು’. ಮತ್ತೆ ‘ಚರ್ಚಿಸಿ’. ಮಾರುಕಟ್ಟೆ ವಿಭಾಗ: ‘ಚರ್ಚಿಸಲಾಯಿತು’. ಹಾಳೆ ತುಂಬ ಅದೇ. ನಮ್ಮ ಕಚೇರಿಯಲ್ಲಿ ಈ ಮಾತಿನಷ್ಟು ಸುಖದ ಮಾತು ಬೇರೊಂದಿಲ್ಲ. ಹಾವೂ ಸಾಯದು, ಕೋಲೂ ಮುರಿಯದು. ಏನು ಚರ್ಚಿಸಿದರು, ಏನು ತೀರ್ಮಾನವಾಯಿತು ಎಂಬುದು ಕಾರಿಡಾರಿನ ಗಾಳಿಗೆ ಮಾತ್ರ ಗೊತ್ತು.

“ಇದರ ಪ್ರತಿ ಬೇಕು, ದೃಢೀಕರಿಸಿ ಕೊಡಿ” ಎಂದಳು ಅಕ್ಕ. ಕೊಟ್ಟೆ.

ಮರುದಿನ ಆ ಹಾಳೆ ಶೌಚಾಲಯದ ಬಾಗಿಲ ಮೇಲಿತ್ತು, ಬೀಗದ ಪಕ್ಕದಲ್ಲೇ. ಸೊಪ್ಪು ಮಾರುವ ಅಜ್ಜಿಗೆ ಓದು ಬರುತ್ತಿರಲಿಲ್ಲ. ಹಾದುಹೋಗುವವರನ್ನೆಲ್ಲ ಹಿಡಿದು “ಇದೇನ್ ಬರೆದಿದೆ, ಸ್ವಲ್ಪ ಓದಪ್ಪ” ಎನ್ನುತ್ತಿದ್ದಳು. ಅವರು ಓದುತ್ತಿದ್ದರು. ಚರ್ಚಿಸಿ, ಚರ್ಚಿಸಲಾಯಿತು, ಚರ್ಚಿಸಿ. ಮೂರನೆಯ ಸಾಲಿಗೆ ಓದುವವರಿಗೇ ನಗು ಬರುತ್ತಿತ್ತು. ಎರಡು ದಿನ ಕಳೆಯುವುದರೊಳಗೆ ಮಾರುಕಟ್ಟೆಯಲ್ಲಿ ಚೌಕಾಸಿಯೂ ಅದೇ ಭಾಷೆಯಲ್ಲಿ ನಡೆಯತೊಡಗಿತು. ಕಡಿಮೆಗೆ ಕೇಳಿದವರಿಗೆ ಹೂವಿನವಳು “ಚರ್ಚಿಸಿ” ಎಂದು ಮುಖ ತಿರುಗಿಸುತ್ತಿದ್ದಳು.

ಮುಖ್ಯಾಧಿಕಾರಿ ಕೆಟ್ಟವರಲ್ಲ. ಅಲ್ಲಿ ತರಕಾರಿ ಕೊಳ್ಳಲು ಹೋಗಿ, ತಮ್ಮದೇ ಬರಹವನ್ನು ಯಾರೋ ರಾಗವಾಗಿ ಓದುವುದನ್ನು ಕೇಳಿ, ಬರಿಗೈಯಲ್ಲಿ ಬಂದರಂತೆ. ಸೋಮವಾರ ಎಲ್ಲರನ್ನೂ ಕೂರಿಸಿ ಕಡತ ತೆರೆದರು.

“ಬೀಗ ತೆಗೀಬಾರದು ಅನ್ನೋಕೆ ಕಾರಣ ಇದ್ರೆ ಇಲ್ಲಿ ಬರೀರಿ. ಸಹಿ ಹಾಕಿ.”

ಆರೋಗ್ಯ ವಿಭಾಗದವರು ಪೆನ್ನು ತೆಗೆದು ಮತ್ತೆ ಜೇಬಿಗಿಟ್ಟರು. “ಬರೆದ್ರೆ ಅವರು ಓದ್ತಾರಲ್ಲ ಸರ್.”

ಮಾರುಕಟ್ಟೆಯಲ್ಲಿ ನಿಂತು ಗಟ್ಟಿಯಾಗಿ ಓದಿಸಿಕೊಳ್ಳಬಲ್ಲ ಒಂದು ಕಾರಣವೂ ಆ ಕೋಣೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಕೊನೆಗೆ ಮುಖ್ಯಾಧಿಕಾರಿ ತಾವೇ ಪೂರ್ತಿ ವಾಕ್ಯ ಬರೆದರು. ಸ್ವಚ್ಛತೆ ಆರೋಗ್ಯ ವಿಭಾಗದ್ದು, ಬೀಗದ ಕೈ ಮಾರುಕಟ್ಟೆ ವಿಭಾಗದ್ದು, ಬುಧವಾರದಿಂದ ತೆರೆದಿರತಕ್ಕದ್ದು. ಕೆಳಗೆ ಹೆಸರು, ಹುದ್ದೆ, ದಿನಾಂಕ. ಅವರ ಪೂರ್ತಿ ಹೆಸರನ್ನು ನಾನು ನೋಡಿದ್ದೇ ಅಂದು. ಈಗ ಬೇರೆ ಕಡತಗಳಲ್ಲೂ ‘ಚರ್ಚಿಸಿ’ ಎಂದು ಬಂದರೆ ಗುಮಾಸ್ತರು “ಏನು ಅಂತ ಬರೆದುಬಿಡಿ ಸರ್, ಯಾರಾದ್ರೂ ಕೇಳ್ತಾರೆ” ಎನ್ನುತ್ತಾರೆ. ನನಗೂ ಈಗ ನನ್ನ ಮೇಜಿನ ಮುಂದೆ ಕೂರುವುದು ಹಿತವಾಗಿದೆ.

ಬುಧವಾರ ಬಾಗಿಲು ತೆರೆಯಿತು. ಸಮಾರಂಭ ಇರಲಿಲ್ಲ, ಸಾಲು ಮಾತ್ರ ಇತ್ತು.

ಮಾರನೆಯ ದಿನ ಡಬ್ಬಿ ಹಿಡಿದು ಹೋದೆ. ಅಕ್ಕ ಎಂದಿನಂತೆ ನನಗೆ ನೀರು ಬಗ್ಗಿಸಿಕೊಟ್ಟಳು. ಆಮೇಲೆ ಇನ್ನೊಂದು ಲೋಟ ತೆಗೆದು ತನಗೂ ಬಗ್ಗಿಸಿಕೊಂಡಳು. ಒಂದೇ ಉಸಿರಿಗೆ ಕುಡಿದು, ಮತ್ತೆ ತುಂಬಿಸಿ ಅದನ್ನೂ ಕುಡಿದಳು.

“ಏನಕ್ಕ, ಇಷ್ಟು ಬಾಯಾರಿಕೆ?”

“ಬಾಯಾರಿಕೆ ದಿನಾ ಆಗ್ತಿತ್ತು ಕಣೋ” ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ್ರೆ ಸಂಜೆ ಮನೆಗೆ ಹೋಗೋವರೆಗೂ ನಾವ್ಯಾರೂ ನೀರು ಕುಡೀತಿರ್ಲಿಲ್ಲ.”

ಹೊರಗೆ ನೋಡಿದೆ. ಸೊಪ್ಪಿನ ಅಜ್ಜಿ ಬಾಟಲಿ ಎತ್ತಿ, ಅವಸರವಿಲ್ಲದೆ, ಗಟಗಟ ಕುಡಿಯುತ್ತಿದ್ದಳು.